ದಿನಕ್ಕೊಂದು ಕಥೆಯೋ, ಮುಂದುವರಿಯುವ ಕಥೆಯೋ? ಮಾಲ್ಗುಡಿ ಡೇಸ್‌ನಲ್ಲಿ ಎರಡೂ ಇದೆ

ಹೊಸ ಸೀರೀಸ್ ಸಿಕ್ಕಿದರೆ ನಾನು ಮೊದಲ ಕಂತು ನೋಡಿ, ಆಮೇಲೆ ನಡುವಿನ ಯಾವುದಾದರೂ ಒಂದನ್ನು ಹಾಕುತ್ತೇನೆ. ಬೇರೆ ಜನ, ಬೇರೆ ಕಥೆ ಬಂದು, ಹಿಂದಿನದು ಗೊತ್ತಿಲ್ಲದೆಯೂ ಪೂರ್ತಿ ಅರ್ಥವಾದರೆ ಅದು ಆಂಥಾಲಜಿ. ಯಾರು ಯಾರ ಮೇಲೆ ಯಾಕೆ ಸಿಟ್ಟಾಗಿದ್ದಾರೆ ಅಂತಲೇ ತಿಳಿಯದಿದ್ದರೆ ಧಾರಾವಾಹಿ.

ಶಂಕರ್ ನಾಗ್ ನಿರ್ದೇಶಿಸಿದ ಮಾಲ್ಗುಡಿ ಡೇಸ್‌ಗೆ ಈ ಪರೀಕ್ಷೆ ಸಾಲುವುದಿಲ್ಲ. ಆಗುಂಬೆಯಲ್ಲಿ ಚಿತ್ರೀಕರಿಸಿದ, 1980ರ ದಶಕದ ಆ ದೂರದರ್ಶನ ಸರಣಿಯಲ್ಲಿ ಎರಡೂ ಬಗೆ ಕಲೆತಿವೆ. ಪೋಸ್ಟ್‌ಮ್ಯಾನ್ ತಾನಪ್ಪನ ಕಥೆ ನೋಡಿ. ಪರಿಚಯದ ಮನೆಯಲ್ಲಿ ಮದುವೆ ನಿಲ್ಲಬಾರದು ಅಂತ ಸಾವಿನ ಸುದ್ದಿ ತಂದ ಕಾಗದವನ್ನು ಅವನು ಕೊಡದೇ ಇಟ್ಟುಕೊಳ್ಳುತ್ತಾನೆ. ಆ ಗುಟ್ಟು ಹುಟ್ಟುವುದೂ ಹೊರಬೀಳುವುದೂ ಒಂದೇ ಕಂತಿನಲ್ಲಿ. ಮುಂದಿನ ಕಂತಿಗೆ ಅದರಿಂದ ಏನೂ ಉಳಿಯುವುದಿಲ್ಲ.

ಸ್ವಾಮಿ ಮತ್ತು ಗೆಳೆಯರ ಕಥೆ ಹಾಗಲ್ಲ. ಅದು ಹಲವು ಕಂತು ಸಾಗುತ್ತದೆ. ಕ್ರಿಕೆಟ್ ಮ್ಯಾಚ್‌ಗೆ ಸ್ವಾಮಿ ಬರಲಿಲ್ಲ ಅಂತ ರಾಜಂ ಮುನಿಸಿಕೊಳ್ಳುವುದನ್ನು ಮಾತ್ರ ನೋಡಿದರೆ ಮಕ್ಕಳ ಜಗಳ ಅನ್ನಿಸುತ್ತದೆ, ಅಷ್ಟೇ. ಮೊದಲು ಅವರ ಗೆಳೆತನ ಹೇಗೆ ಬೆಳೆಯಿತು, ತಂಡ ಕಟ್ಟಲು ಎಷ್ಟು ಒದ್ದಾಡಿದರು ಅಂತ ನೋಡಿದವರಿಗೇ ಆ ಮುನಿಸಿನ ನೋವು ತಟ್ಟುವುದು.

ಇಲ್ಲೇ ಒಂದು ಗೊಂದಲ ಇದೆ. ಇದೇ ಸ್ವಾಮಿ, ಅಪ್ಪನ ಸವಾಲಿಗೆ ರಾತ್ರಿ ಆಫೀಸ್ ಕೋಣೆಯಲ್ಲಿ ಒಬ್ಬನೇ ಮಲಗಿ ಕಳ್ಳನನ್ನು ಹಿಡಿಸುವ ಕಥೆಯೂ ಇದೆ. ಅದು ಬಿಡಿ ಕಥೆ. ಅಂದರೆ ಪಾತ್ರ ಮತ್ತೆ ಬಂತು ಅನ್ನುವುದೊಂದೇ ಗುರುತಲ್ಲ. ಸಿಲ್ಲಿ ಲಲ್ಲಿಯಂಥ ಹಾಸ್ಯ ಸರಣಿಯಲ್ಲೂ ದಿನಾ ಅದೇ ಮುಖಗಳು ಇರುತ್ತವೆ, ಆದರೂ ಅವತ್ತಿನ ಫಜೀತಿ ಅವತ್ತಿಗೇ ಮುಗಿಯುತ್ತದೆ. ಅದನ್ನು ಆಂಥಾಲಜಿ ಅನ್ನುವಂತಿಲ್ಲ, ಎಳೆದುಕೊಂಡು ಹೋಗುವ ಧಾರಾವಾಹಿಯೂ ಅಲ್ಲ.

ಹಾಗಾಗಿ ನಾನು ನೋಡುವುದು ಕಂತಿನ ಕೊನೆಯ ಕೆಲವು ನಿಮಿಷ. ಶುರುವಿನಲ್ಲಿ ಎದ್ದ ಪ್ರಶ್ನೆಗೆ ಉತ್ತರ ಸಿಕ್ಕಿತಾ, ಇಲ್ಲಾ ಹೊಸ ಪ್ರಶ್ನೆ ಎದ್ದಿತಾ? ಆಮೇಲೆ ಮುಂದಿನ ಕಂತಿನ ಮೊದಲ ದೃಶ್ಯ. ನಿನ್ನೆಯ ಪೆಟ್ಟು ಅಲ್ಲಿ ಇನ್ನೂ ನೋಯುತ್ತಿದ್ದರೆ ಕಥೆ ಮುಂದುವರಿದಿದೆ ಅಂತಲೇ ಅರ್ಥ. ಟ್ರೂ ಡಿಟೆಕ್ಟಿವ್ ಅನ್ನುವ ಅಮೆರಿಕದ ಪತ್ತೇದಾರಿ ಸರಣಿಯಂಥದ್ದಕ್ಕೆ ಇದೂ ಸಾಲದು. ಅದು ಸೀಸನ್ ಒಳಗೆ ಧಾರಾವಾಹಿ, ಸೀಸನ್ ಬದಲಾದರೆ ಜನ, ಕಥೆ ಎಲ್ಲಾ ಹೊಸದು. ಎರಡನೇ ಸೀಸನ್‌ನ ಪಾತ್ರವರ್ಗ ನೋಡಿದರೆ ತಕ್ಷಣ ಗೊತ್ತಾಗುತ್ತದೆ.

ನನಗೆ ಜಾಸ್ತಿ ಇಷ್ಟ ಧಾರಾವಾಹಿಯೇ. ಆಂಥಾಲಜಿಯಲ್ಲಿ ಒಂದು ಕಥೆ ಸಪ್ಪೆಯಾದರೂ ಮುಂದಿನದು ಚೆನ್ನಾಗಿರಬಹುದು, ಎರಡು ವಾರ ಬಿಟ್ಟು ನೋಡಿದರೂ ನಷ್ಟವಿಲ್ಲ, ನಿಜ. ಆದರೆ ಪ್ರತಿ ಸಲ ಹೊಸಬರ ಪರಿಚಯ ಮಾಡಿಕೊಳ್ಳಬೇಕು, ಹತ್ತಿರವಾಗುವಷ್ಟರಲ್ಲಿ ಅವರು ಹೊರಟೇಬಿಡುತ್ತಾರೆ. ತಾನಪ್ಪ ಇನ್ನೂ ನಾಲ್ಕು ಕಂತು ಇರಬೇಕಿತ್ತು ಅಂತ ಈಗಲೂ ಅನ್ನಿಸುತ್ತದೆ.