ಫ್ರೀಕ್ವೆನ್ಸಿ 2.4 ಅಂತ ನಂಬಿ ಕೂತೆ, ರೀಚ್ ಆಗಲೇ ನಿಂತಿತ್ತು

ಆಡ್ ನೋಡಿ ನೋಡಿ ಜನಕ್ಕೆ ಬೇಸರ ಬಂತಾ ಅಂತ ತಿಳಿಯೋಕೆ ನಾನು ಎರಡು ದಾರಿ ಹಿಡಿದು ನೋಡಿದ್ದೇನೆ. ಒಂದು, ಕ್ಯಾಂಪೇನಿನ ಪೂರ್ತಿ ಅವಧಿಯ ಫ್ರೀಕ್ವೆನ್ಸಿ, ಅಂದರೆ ಒಬ್ಬರು ಸರಾಸರಿ ಎಷ್ಟು ಸಲ ಆಡ್ ನೋಡಿದರು ಅನ್ನೋದು. ಇನ್ನೊಂದು, ಒಟ್ಟು ರೀಚ್, ಅಂದರೆ ಆಡ್ ತಲುಪಿದ ಜನರ ಸಂಖ್ಯೆ, ಎಷ್ಟು ಬೆಳೆಯುತ್ತಿದೆ ಅನ್ನೋದು. ಈಗ ಎರಡನೆಯದನ್ನೇ ನಂಬುತ್ತೇನೆ. ಮೊದಲನೆಯದಕ್ಕೆ ಒಂದು ವಾರದ ಬಜೆಟ್ ತೆತ್ತಿದ್ದೇನೆ.

ಒಂದು ಆನ್‌ಲೈನ್ ಕ್ಲಾಸಿನ ಆಡ್ ಅದು. ಎರಡು ವಾರ ಓಡಿಸಿದೆ. ಇಂಪ್ರೆಶನ್, ಅಂದರೆ ಆಡ್ ಒಟ್ಟು ಎಷ್ಟು ಸಲ ಕಾಣಿಸಿತು ಅನ್ನೋದು, 1,20,000. ರೀಚ್ 50,000. ಭಾಗಿಸಿದರೆ ಫ್ರೀಕ್ವೆನ್ಸಿ 2.4. ಒಬ್ಬರು ಎರಡೂವರೆ ಸಲ ನೋಡಿದರೆ ಏನು ಮಹಾ ಅಂತ ಸುಮ್ಮನಿದ್ದೆ. ಕ್ಲಿಕ್ ಮಾತ್ರ ಇಳಿಯುತ್ತಲೇ ಇತ್ತು.

ಆಮೇಲೆ ವಾರ ಬಿಡಿಸಿ ನೋಡಿದೆ. ಮೊದಲ ವಾರ 60,000 ಇಂಪ್ರೆಶನ್ 40,000 ಜನಕ್ಕೆ ಹೋಗಿತ್ತು, ಅಂದರೆ 1.5. ಎರಡನೇ ವಾರ ಅಷ್ಟೇ ಇಂಪ್ರೆಶನ್ ಬರೀ 20,000 ಜನರ ಮೇಲೆ ಬಿದ್ದಿತ್ತು, ಅಂದರೆ 3. ಆ 20,000ದಲ್ಲೂ ಹೊಸಬರು 10,000 ಮಾತ್ರ, ಯಾಕೆಂದರೆ ಒಟ್ಟು ರೀಚ್ 40ರಿಂದ 50 ಸಾವಿರಕ್ಕಷ್ಟೇ ಏರಿತ್ತು. ಮೊದಲ ವಾರದ ಒಳ್ಳೆ ಲೆಕ್ಕ ಎರಡನೇ ವಾರದ ಬೇನೆಯನ್ನು ಮುಚ್ಚಿಹಾಕಿತ್ತು.

ರೀಚ್ ದಾರಿಯಲ್ಲೂ ಒಂದು ತಲೆನೋವಿದೆ. ನಾನು ಮೊದಲು ದಿನದಿನದ ರೀಚ್ ತೆಗೆದು ಎಕ್ಸೆಲ್‌ನಲ್ಲಿ ಕೂಡಿಸಿದೆ. ಕೂಡಿದ್ದು ಒಟ್ಟು ರೀಚ್‌ಗಿಂತ ಎಷ್ಟೋ ಜಾಸ್ತಿ ಬಂತು. ರಿಪೋರ್ಟೇ ತಪ್ಪು ಅಂತ ಅರ್ಧ ದಿನ ಒದ್ದಾಡಿದೆ. ತಪ್ಪು ನನ್ನದೇ. ಸೋಮವಾರ ನೋಡಿದವರೇ ಮಂಗಳವಾರ ನೋಡಿದರೆ ಎರಡೂ ದಿನದ ರೀಚ್‌ನಲ್ಲಿ ಅವರಿರುತ್ತಾರೆ. ಒಟ್ಟು ರೀಚ್‌ನಲ್ಲಿ ಮಾತ್ರ ಒಂದೇ ಸಲ. ದಿನದ ಫ್ರೀಕ್ವೆನ್ಸಿಯೂ ಇದೇ ಥರ ಮೋಸ ಮಾಡುತ್ತದೆ. ಪ್ರತಿದಿನ ಎಣಿಕೆ ಹೊಸದಾಗಿ ಶುರುವಾಗುವುದರಿಂದ 1.2, 1.3 ಅಂತ ತಣ್ಣಗೆ ಕೂತಿರುತ್ತದೆ.

ಈಗ ಮಾಡೋದು ಇಷ್ಟೇ. ಶುರುವಿನ ತಾರೀಕು ಕದಲಿಸಲ್ಲ. ಕೊನೆಯ ತಾರೀಕನ್ನು ಎರಡು ದಿನಕ್ಕೊಮ್ಮೆ ಮುಂದಕ್ಕೆ ಎಳೆದು ಒಟ್ಟು ರೀಚ್ ಬರೆದಿಡುತ್ತೇನೆ. ಹಿಂದಿನದನ್ನು ಕಳೆದರೆ ಹೊಸಬರು ಎಷ್ಟು ಅಂತ ಸಿಗುತ್ತದೆ. ಬಜೆಟ್ ಅಷ್ಟೇ ಇದ್ದು ಹೊಸಬರೂ ಕ್ಲಿಕ್ಕೂ ಒಟ್ಟಿಗೆ ಇಳಿದರೆ ಆಡ್ ಬದಲಿಸುತ್ತೇನೆ. ಹೊಸಬರು ಬರುತ್ತಲೇ ಇದ್ದು ಕ್ಲಿಕ್ ಮಾತ್ರ ಬಿದ್ದರೆ ಅದು ಬೇಸರಕ್ಕಿಂತ ಬೇಡದವರಿಗೆ ಆಡ್ ಹೋಗುತ್ತಿರುವುದರಿಂದ ಇರಬಹುದು. ಆಗ ಆಡಿಯೆನ್ಸ್ ಕಡೆ ನೋಡಬೇಕು.

ಸರಾಸರಿ ಫ್ರೀಕ್ವೆನ್ಸಿ ಪೂರ್ತಿ ದಂಡ ಅಲ್ಲ. ನಿಮ್ಮ ಸೈಟಿಗೆ ಬಂದುಹೋದ ಕೆಲವೇ ಜನಕ್ಕೆ ತೋರಿಸುವ ಆಡ್ ಆದರೆ ರೀಚ್ ಬೇಗ ನಿಲ್ಲಲೇಬೇಕು. ಅಲ್ಲಿ ಕೊನೆಯ 7 ದಿನದ ಫ್ರೀಕ್ವೆನ್ಸಿಯನ್ನು ಕ್ಲಿಕ್ ಪಕ್ಕ ಇಟ್ಟು ನೋಡಿದರೆ ಸಾಕು. ನನ್ನದು ಹೆಚ್ಚಾಗಿ ಹೊಸಬರನ್ನು ಹುಡುಕುವ ಕೆಲಸ, ಬಜೆಟ್ಟೂ ಚಿಕ್ಕದು. ಹಾಗಾಗಿ ನೋಟ್‌ಬುಕ್ಕಿನಲ್ಲಿ ಒಟ್ಟು ರೀಚ್‌ನ ಒಂದೇ ಕಾಲಂ ಇದೆ.