ಎಎಂಟಿ ಕಾರು ಆಗುಂಬೆ ಘಾಟಿಯಲ್ಲಿ: ಕೆಲವು ವರ್ಷ ಓಡಿಸಿದ ಮೇಲಿನ ಮಾತು

ನಮ್ಮ ಮನೆಯಲ್ಲಿ ಎರಡು ಕಾರುಗಳಿವೆ. ಅಪ್ಪನದು ಹಳೆಯ ಮ್ಯಾನ್ಯುಯಲ್. ನನ್ನದು 1 ಲೀಟರ್ ಪೆಟ್ರೋಲ್ ಎಂಜಿನ್‌ನ ಎಎಂಟಿ, ಅಂದರೆ ತಾನೇ ಗೇರ್ ಬದಲಿಸುವ ಕಾರು. ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆ ದಾಟಿ ಹೆಬ್ರಿಗೆ ನಾವು ಆಗಾಗ ಹೋಗಿಬರುತ್ತೇವೆ. ಎರಡೂ ಕಾರು ಈ ದಾರಿಯನ್ನು ಚೆನ್ನಾಗಿ ಕಂಡಿವೆ. "ಆಟೋಮ್ಯಾಟಿಕ್ ತಗೊಂಡ್ರೆ ಘಾಟಿಯಲ್ಲಿ ತೊಂದರೆ ಆಗಲ್ವಾ?" ಅಂತ ತುಂಬಾ ಜನ ಕೇಳುತ್ತಾರೆ. ಹಾಗಾಗಿ ಈ ವಿಮರ್ಶೆ ಕಾರಿನ ಸೀಟು, ಎಸಿ, ಬಣ್ಣದ ಬಗ್ಗೆ ಅಲ್ಲ. ಗೇರ್‌ಬಾಕ್ಸ್ ಬಗ್ಗೆ ಮಾತ್ರ.

ಮೊದಲು ಒಂದು ವಿಷಯ ಗೊತ್ತಿರಬೇಕು. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಸಣ್ಣ ಕಾರುಗಳಿಗೆ ಬಂದ ಈ ಎಎಂಟಿ, ಒಳಗೆ ಪೂರ್ತಿ ಮ್ಯಾನ್ಯುಯಲ್ ಗೇರ್‌ಬಾಕ್ಸೇ. ಅದೇ ಗೇರ್‌ಗಳು, ಅದೇ ಕ್ಲಚ್ ಪ್ಲೇಟ್. ಕ್ಲಚ್ ಒತ್ತುವ ಕೆಲಸ ಮತ್ತು ಗೇರ್ ಹಾಕುವ ಕೆಲಸವನ್ನು ನಮ್ಮ ಕೈಕಾಲಿನ ಬದಲು ಒಂದು ಕಂಪ್ಯೂಟರ್ ಮಾಡಿಸುತ್ತದೆ, ಅಷ್ಟೇ. ಪೆಡಲ್ ಇಲ್ಲ, ಆದರೆ ಕ್ಲಚ್ ಇದೆ. ಘಾಟಿಯಲ್ಲಿ ಈ ಕಾರು ಹೇಗೆ ನಡೆದುಕೊಳ್ಳುತ್ತದೆ ಅನ್ನುವುದಕ್ಕೆಲ್ಲ ಇದೇ ಕಾರಣ.

ಇಳಿಯುವಾಗಿನ ಕಥೆ ಮೊದಲು, ಯಾಕೆಂದರೆ ಅಪಾಯ ಇರುವುದು ಅಲ್ಲೇ. ಆಗುಂಬೆಯಿಂದ ಸೋಮೇಶ್ವರಕ್ಕೆ 14 ಹೇರ್‌ಪಿನ್ ತಿರುವುಗಳು. ನಾಲ್ಕು ಜನ ಕೂತರೆ ಸಣ್ಣ ಕಾರಿನ ತೂಕ ಸುಮಾರು 1,200 ಕೆಜಿ ಆಗುತ್ತದೆ. ಅದು 100 ಮೀಟರ್ ಎತ್ತರ ಇಳಿದಾಗ ಬಿಡುಗಡೆ ಆಗುವ ಶಕ್ತಿಯಲ್ಲಿ ಮೂರೂವರೆ ಲೀಟರ್ ನೀರು ಕುದಿ ಬರುತ್ತದೆ. ಘಾಟಿ ಇಳಿಯುವುದು 100 ಮೀಟರ್‌ಗೆ ಮುಗಿಯುವುದಿಲ್ಲ. ಬರೀ ಬ್ರೇಕ್ ಒತ್ತಿ ಇಳಿದರೆ ಆ ಶಾಖದ ಬಹುಪಾಲು ಡಿಸ್ಕ್, ಪ್ಯಾಡ್‌ಗಳಿಗೇ ಹೋಗುತ್ತದೆ. ಮೊದಲು ಸುಟ್ಟ ವಾಸನೆ ಬರುತ್ತದೆ. ಆಮೇಲೆ ಪೆಡಲ್ ಎಷ್ಟು ಒತ್ತಿದರೂ ಹಿಡಿತ ಕಡಿಮೆ ಅನಿಸುತ್ತದೆ. ಬ್ರೇಕ್ ಆಯಿಲ್ ಹಳೆಯದಾಗಿ ನೀರಿನಂಶ ಹೀರಿಕೊಂಡಿದ್ದರೆ ಅದು ಬೇಗ ಕುದಿಯುತ್ತದೆ. ಆಗ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ. ಈ ಲಕ್ಷಣ ಕಂಡರೆ ಇನ್ನೊಂದು ತಿರುವು ನೋಡೋಣ ಅನ್ನಬಾರದು. ಜಾಗ ಸಿಕ್ಕಲ್ಲಿ ನಿಲ್ಲಿಸಿ, ತಣ್ಣಗಾಗಲು ಬಿಡಬೇಕು.

ಎಂಜಿನ್ ಬ್ರೇಕಿಂಗ್ ಈ ಶಾಖದ ಒಂದು ದೊಡ್ಡ ಪಾಲನ್ನು ಎಂಜಿನ್ ಕಡೆ ತಿರುಗಿಸುತ್ತದೆ. ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಪೆಟ್ರೋಲ್ ಎಂಜಿನ್‌ಗೆ ಗಾಳಿ ಹೋಗುವ ದಾರಿ ಹೆಚ್ಚೂಕಡಿಮೆ ಮುಚ್ಚಿಕೊಳ್ಳುತ್ತದೆ. ಪಿಸ್ಟನ್‌ಗಳು ಆ ಮುಚ್ಚಿದ ಬಾಯಿಂದ ಗಾಳಿ ಎಳೆಯಲು ಒದ್ದಾಡುತ್ತವೆ. ಒಳಗಿನ ತಿಕ್ಕಾಟವೂ ಸೇರುತ್ತದೆ. ಕಾರು ಗೇರ್‌ನಲ್ಲಿದ್ದರೆ ಚಕ್ರಗಳೇ ಎಂಜಿನ್ ತಿರುಗಿಸಬೇಕು. ಅದಕ್ಕೆ ಬೇಕಾದ ಶಕ್ತಿ ಕಾರಿನ ವೇಗದಿಂದ ಹೋಗುತ್ತದೆ. ಗೇರ್ ಚಿಕ್ಕದಾದಷ್ಟೂ ಎಂಜಿನ್ ಜೋರಾಗಿ ತಿರುಗುತ್ತದೆ, ತಡೆ ಹೆಚ್ಚುತ್ತದೆ. ನನ್ನಂಥ ಕಾರಿನಲ್ಲಿ ಗಂಟೆಗೆ 30 ಕಿಮೀ ವೇಗಕ್ಕೆ ಮೂರನೇ ಗೇರ್‌ನಲ್ಲಿ ಎಂಜಿನ್ ನಿಮಿಷಕ್ಕೆ ಸುಮಾರು 1,500 ಸುತ್ತು ತಿರುಗುತ್ತದೆ, ಎರಡನೆಯದರಲ್ಲಿ 2,200ರ ಆಸುಪಾಸು. ಈ ಇಳಿಜಾರಿನಲ್ಲಿ ಎರಡನೆಯದೇ ಸರಿ. ಎಂಜಿನ್ ಸದ್ದು ಮಾಡುತ್ತದೆ ಅಂತ ಹೆದರುವವರಿದ್ದಾರೆ. ಕೆಂಪು ಗೆರೆ ಇನ್ನೂ ತುಂಬಾ ದೂರ ಇದೆ, ಎಂಜಿನ್‌ಗೆ ಏನೂ ಆಗುವುದಿಲ್ಲ.

ಇಲ್ಲಿ ಎಎಂಟಿಯ ದೊಡ್ಡ ಕೊರತೆ ಕಾಣುತ್ತದೆ. ಕಾರು ತಾನೇ ಗೇರ್ ಬದಲಿಸುವ ಡಿ ಮೋಡ್‌ನಲ್ಲಿ ಇಳಿಯುವಾಗ ಕಾಲು ತೆಗೆದರೆ ನನ್ನ ಕಾರಿಗೆ ಇದು ಇಳಿಜಾರು ಅಂತ ತಿಳಿಯುವುದಿಲ್ಲ. ವೇಗ ಏರುತ್ತಿದೆ, ಆಕ್ಸಿಲರೇಟರ್ ಒತ್ತಿಲ್ಲ, ಹಾಗಾದರೆ ಮೈಲೇಜ್ ಕೊಡೋಣ ಅಂತ ಮೂರು, ನಾಲ್ಕಕ್ಕೆ ಏರಿಸಿಬಿಡುತ್ತದೆ. ತಡೆ ಬೇಕಾದ ಹೊತ್ತಿಗೇ ತಡೆ ಹೋಗುತ್ತದೆ. ಅದಕ್ಕೇ ಗೇರ್ ನಾವೇ ಆರಿಸುವ ಎಂ ಮೋಡ್ ಇರುವುದು. ಆಗುಂಬೆ ಚೆಕ್‌ಪೋಸ್ಟ್ ದಾಟಿ ಇಳಿಜಾರು ಶುರುವಾಗುವ ಮೊದಲೇ ಲಿವರ್ ಎಂಗೆ ತಂದು, ಎರಡನೇ ಗೇರ್‌ಗೆ ಇಳಿಸಿಕೊಳ್ಳುತ್ತೇನೆ. ತಿರುವಿಗೆ ಮುಂಚೆ ಬ್ರೇಕ್ ಒತ್ತಿ, ವೇಗ ಇಳಿದ ಕೂಡಲೇ ಪೂರ್ತಿ ಬಿಡುತ್ತೇನೆ. ಬ್ರೇಕ್ ಮೇಲೆ ಕಾಲು ಇಟ್ಟುಕೊಂಡೇ ಇರುವುದಿಲ್ಲ. ಬಿಟ್ಟ ಹೊತ್ತಿನಲ್ಲೇ ಡಿಸ್ಕ್‌ಗೆ ಗಾಳಿ ತಾಗಿ ತಣ್ಣಗಾಗುವುದು.

ಎಂ ಮೋಡ್‌ನಲ್ಲೂ ಒಂದು ಮಿತಿ ಇದೆ. ಬಸ್ ಎದುರಾಗಿ ನಡಿಗೆಯ ವೇಗಕ್ಕೆ ಬಂದರೆ, ಎಂಜಿನ್ ಆಫ್ ಆಗದಿರಲಿ ಅಂತ ಕಂಪ್ಯೂಟರ್ ತಾನೇ ಕ್ಲಚ್ ಬಿಡಿಸುತ್ತದೆ. ಆಗ ಕಾರು ಸಡಿಲವಾಗಿ ಮುಂದೆ ಜಾರುತ್ತದೆ, ಹಿಡಿಯುವುದು ಬ್ರೇಕ್ ಮಾತ್ರ. ಅಪ್ಪನ ಕಾರಿನಲ್ಲಿ ಮೊದಲ ಗೇರ್ ಹಾಕಿ ಕ್ಲಚ್ ಪೂರ್ತಿ ಬಿಟ್ಟರೆ ಆಮೆ ವೇಗದಲ್ಲೂ ಎಂಜಿನ್ ಹಿಡಿದಿರುತ್ತದೆ. ಈ ಒಂದು ವಿಷಯದಲ್ಲಿ ಮ್ಯಾನ್ಯುಯಲ್‌ಗೇ ನನ್ನ ಓಟು.

ಆದರೆ ಮ್ಯಾನ್ಯುಯಲ್ ಓಡಿಸುವ ಎಷ್ಟೋ ಜನ ಆ ಲಾಭವನ್ನು ಕೈಯಾರೆ ಕಳೆಯುತ್ತಾರೆ. ತಿರುವು ಬಂದ ತಕ್ಷಣ ಬ್ರೇಕ್ ಜೊತೆ ಕ್ಲಚ್ಚನ್ನೂ ಒತ್ತುತ್ತಾರೆ. ಕ್ಲಚ್ ಒತ್ತಿದರೆ ಎಂಜಿನ್‌ಗೂ ಚಕ್ರಕ್ಕೂ ಸಂಬಂಧವೇ ಇಲ್ಲ, ನ್ಯೂಟ್ರಲ್ ಇದ್ದಂತೆಯೇ. ಗೇರ್ ಬದಲಿಸುವಾಗ ಮತ್ತು ಕಾರು ನಿಲ್ಲುವ ಹಂತದಲ್ಲಿ ಮಾತ್ರ ಕ್ಲಚ್ ಸಾಕು. ಪೆಟ್ರೋಲ್ ಉಳಿಯುತ್ತೆ ಅಂತ ನ್ಯೂಟ್ರಲ್‌ನಲ್ಲಿ ಇಳಿಸುವವರಿಗೂ ಒಂದು ಮಾತು. ಈಗಿನ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಗೇರ್‌ನಲ್ಲಿದ್ದು ಕಾಲು ತೆಗೆದಾಗ ಪೆಟ್ರೋಲ್ ಪೂರ್ತಿ ನಿಲ್ಲುತ್ತದೆ. ಸುತ್ತು ಐಡಲ್ ಹತ್ತಿರ ಬಂದಾಗಲೇ ಮತ್ತೆ ಶುರು. ನ್ಯೂಟ್ರಲ್‌ನಲ್ಲಿ ಎಂಜಿನ್ ಆಫ್ ಆಗದಿರಲು ಪೆಟ್ರೋಲ್ ಸುಡುತ್ತಲೇ ಇರಬೇಕು. ಉಳಿತಾಯ ಇರುವುದು ಗೇರ್‌ನಲ್ಲೇ.

ಮಳೆಗಾಲಕ್ಕೆ ಎರಡು ಎಚ್ಚರಿಕೆ. ಒದ್ದೆ ರಸ್ತೆಯಲ್ಲಿ ತಿರುವಿನ ಮಧ್ಯೆ ಗೇರ್ ಇಳಿಸಬೇಡಿ. ತಡೆ ಬೀಳುವುದು ಮುಂದಿನ ಚಕ್ರಗಳಿಗೆ ಮಾತ್ರ, ಜರ್ಕ್ ಆದರೆ ಅವು ಜಾರುತ್ತವೆ. ಇನ್ನು, ಎಂಜಿನ್ ಬ್ರೇಕಿಂಗ್‌ಗೆ ಹಿಂದಿನ ಕೆಂಪು ಲೈಟ್ ಹತ್ತುವುದಿಲ್ಲ. ಹಿಂದೆ ಯಾರಾದರೂ ಅಂಟಿಕೊಂಡು ಬರುತ್ತಿದ್ದರೆ ಬ್ರೇಕ್ ಸುಮ್ನೆ ಮುಟ್ಟಿ ತೋರಿಸಿ.

ಹತ್ತುವಾಗ ನೋಡಬೇಕಾದ್ದು ಕ್ಲಚ್. ಮುಂದೆ ಬಸ್ ನಿಂತಿದೆ, ಏರಿನಲ್ಲಿ ನಾವೂ ನಿಂತಿದ್ದೇವೆ. ಆಗ ಆಕ್ಸಿಲರೇಟರ್ ಸ್ವಲ್ಪ ಒತ್ತಿ ಕಾರು ಹಿಂದೆ ಬರದಂತೆ ಹಿಡಿಯುವುದು ಎಎಂಟಿಯಲ್ಲಿ ಸುಲಭ, ಆದರೆ ಅದು ಮ್ಯಾನ್ಯುಯಲ್‌ನಲ್ಲಿ ಹಾಫ್ ಕ್ಲಚ್‌ನಲ್ಲಿ ನಿಂತಷ್ಟೇ ಕೆಟ್ಟದ್ದು. ಪ್ಲೇಟ್ ಉಜ್ಜುತ್ತಾ ಸುಡುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿ. ಹೊರಡುವಾಗ ಆಕ್ಸಿಲರೇಟರ್ ಒತ್ತಿ, ಎಂಜಿನ್ ಸದ್ದು ಸ್ವಲ್ಪ ಕುಗ್ಗಿ ಕಾರಿನ ಮೂತಿ ತುಸು ಏಳುವುದನ್ನು ನೋಡಿ. ಕ್ಲಚ್ ಕಚ್ಚಿದ ಗುರುತು ಅದು. ಆಗ ಹ್ಯಾಂಡ್‌ಬ್ರೇಕ್ ಬಿಡಿ. ಎರಡೂ ಕಾರಿಗೆ ಇದೇ ಕ್ರಮ, ಮ್ಯಾನ್ಯುಯಲ್‌ನಲ್ಲಿ ಕಚ್ಚುವುದು ಎಡಗಾಲಿಗೂ ಗೊತ್ತಾಗುತ್ತದೆ. ಹಿಲ್ ಹೋಲ್ಡ್ ಇದ್ದರೆ ಅದು ಒಂದೆರಡು ಸೆಕೆಂಡು ಹಿಡಿಯುತ್ತದೆ. ಹೊರಡಲು ಅಷ್ಟು ಸಾಕು, ನಿಂತಿರಲು ಸಾಲದು.

ಕ್ಲಚ್ ಸವೆದಿದೆಯಾ ಅಂತ ತಿಳಿಯಲು ಸಮತಟ್ಟು, ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರ್‌ನಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಡಿ. ಎಎಂಟಿ ಆದರೆ ಎಂ ಮೋಡ್‌ನಲ್ಲಿ. ಗೇರ್ ಇಳಿಯದೆಯೂ ಸುತ್ತು ದಡಬಡ ಏರಿ, ವೇಗ ಏರದಿದ್ದರೆ ಪ್ಲೇಟ್ ಜಾರುತ್ತಿದೆ. ಎಎಂಟಿಯಲ್ಲಿ ಕ್ಲಚ್ ಹೊಸದು ಹಾಕಿದ ಮೇಲೆ ಅದು ಎಲ್ಲಿ ಕಚ್ಚುತ್ತದೆ ಅಂತ ಕಂಪ್ಯೂಟರ್‌ಗೆ ಸ್ಕ್ಯಾನರ್ ಹಾಕಿ ಕಲಿಸಬೇಕು. ಅದಿಲ್ಲದ ಗ್ಯಾರೇಜಿನಲ್ಲಿ ಈ ಕೆಲಸ ಮಾಡಿಸಬೇಡಿ, ಹೊರಡುವಾಗೆಲ್ಲ ಜಗ್ಗುತ್ತದೆ.

ಪೇಟೆ ಟ್ರಾಫಿಕ್ಕಿಗೆ ಎಎಂಟಿ ಹಾಯಾಗಿದೆ, ಎಡಗಾಲಿಗೆ ಪೂರ್ತಿ ವಿಶ್ರಾಂತಿ. ಗೇರ್ ಬದಲಾಗುವಾಗ ಒಂದು ಕ್ಷಣ ಎಳೆತ ನಿಲ್ಲುತ್ತದೆ, ಆಗ ಆಕ್ಸಿಲರೇಟರ್ ತುಸು ಸಡಿಲಿಸಿದರೆ ತಲೆ ತೂಗುವುದಿಲ್ಲ. ದಿನಾ ಘಾಟಿ ಹತ್ತಿ ಇಳಿಯುವವರಿಗೆ ನಾನು ಮ್ಯಾನ್ಯುಯಲ್ಲೇ ಹೇಳುತ್ತೇನೆ. ತಿಂಗಳಿಗೊಮ್ಮೆ ಹೋಗುವವರು ಧೈರ್ಯವಾಗಿ ಎಎಂಟಿ ತಗೊಳ್ಳಿ. ಟೆಸ್ಟ್ ಡ್ರೈವ್‌ಗೆ ಹೋದಾಗ ಒಂದು ಫ್ಲೈಓವರ್ ಇಳಿಜಾರಿಗೆ ಒಯ್ದು, ಎಂ ಮೋಡ್‌ನಲ್ಲಿ ಎರಡನೇ ಗೇರ್ ಹಾಕಿ ಕಾಲು ತೆಗೆದು ನೋಡಿ. ಗೇರ್ ಅಲ್ಲೇ ನಿಲ್ಲುತ್ತದಾ, ತಾನಾಗಿ ಏರುತ್ತದಾ ಅಂತ ಅಲ್ಲೇ ಗೊತ್ತಾಗುತ್ತದೆ.