‘ಸ್ಟೇಟ್‌ಮೆಂಟ್ ಸರಿಪಡಿಸಿದ್ದೇವೆ’ ಅಂತ ಇಮೇಲ್ ಬಂದರೆ ಹಳೇ ಪಿಡಿಎಫ್ ಅಳಿಸಬೇಡಿ

ನಾನು ಒಂದು ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ನಮಗೆ ತಿಂಗಳ ಲೆಕ್ಕದಲ್ಲಿ ಸೇವೆ ಕೊಡುವ ಕಂಪನಿಯೊಂದರಿಂದ ಜುಲೈನಲ್ಲಿ ಒಂದು ಇಮೇಲ್ ಬಂತು. ‘ತಾಂತ್ರಿಕ ದೋಷದಿಂದ ಕೆಲವು ತಿಂಗಳ ಸ್ಟೇಟ್‌ಮೆಂಟ್‌ಗಳಲ್ಲಿ ವ್ಯತ್ಯಾಸವಾಗಿತ್ತು. ಈಗ ಸರಿಪಡಿಸಲಾಗಿದೆ. ತೊಂದರೆಗೆ ವಿಷಾದಿಸುತ್ತೇವೆ.’ ಅಷ್ಟೇ. ಯಾವ ತಿಂಗಳು, ಯಾವ ಸಾಲು, ಎಷ್ಟು ಮೊತ್ತ, ಒಂದೂ ಇಲ್ಲ. ಓದಿದವರು ಸರಿಹೋಯ್ತಲ್ಲ ಅಂತ ಮುಂದೆ ಹೋಗಬೇಕು, ಹಾಗೆ ಬರೆದಿದ್ದರು.

ನಮಗೆ ಮಾತ್ರ ವಿಷಯ ಹೊಸದಲ್ಲ. ಏಪ್ರಿಲ್ ಸ್ಟೇಟ್‌ಮೆಂಟ್ ಬಂದಾಗಲೇ ನಮ್ಮ 18,400ರ ಪಾವತಿ ಅದರಲ್ಲಿ ಕಾಣುತ್ತಿಲ್ಲ ಅಂತ ಬರೆದಿದ್ದೆವು. ಬ್ಯಾಂಕ್ ದಾಖಲೆಯನ್ನೂ ಕಳಿಸಿದ್ದೆವು. ‘ಪರಿಶೀಲಿಸುತ್ತೇವೆ’ ಅಂದವರು ಸುಮ್ಮನಾದರು.

ಆಗಿದ್ದು ಇಷ್ಟು. ನಮ್ಮ ಪಾವತಿ ತಾನಾಗಿಯೇ ಹೋಗುವಂಥದ್ದು. ಏಪ್ರಿಲ್ 1ರಂದು ರಾತ್ರಿ 12 ದಾಟಿ ಹತ್ತು ನಿಮಿಷಕ್ಕೆ ಹೋಗಿತ್ತು. ಅದೇ ತಿಂಗಳಿಂದ ಅವರ ಹೊಸ ವ್ಯವಸ್ಥೆ ತಿಂಗಳ ಗಡಿಯನ್ನು ಇಲ್ಲಿನ ಸಮಯದ ಬದಲು ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ ಗುರುತಿಸತೊಡಗಿತು. ನಮ್ಮ ಗಡಿಯಾರ ಯುಟಿಸಿಗಿಂತ ಮುಂದಿದೆ, ಹಾಗಾಗಿ ಆ ಹೊತ್ತು ಯುಟಿಸಿಯಲ್ಲಿ ಇನ್ನೂ ಮಾರ್ಚ್ 31. ಏಪ್ರಿಲ್ ಸ್ಟೇಟ್‌ಮೆಂಟ್ ಅದನ್ನು ಮಾರ್ಚ್‌ನದ್ದು ಅಂತ ಬಿಟ್ಟಿತು. ಮಾರ್ಚ್ ಸ್ಟೇಟ್‌ಮೆಂಟ್ ಹಳೇ ಲೆಕ್ಕದಲ್ಲಿ ಮಧ್ಯರಾತ್ರಿಗೇ ಮುಗಿದಿತ್ತು. ಪಾವತಿ ಎರಡರ ನಡುವೆ ಬಿದ್ದುಹೋಯಿತು.

ಹೊಸ ಪಿಡಿಎಫ್‌ಗಳನ್ನು ಇಳಿಸಿಕೊಂಡಾಗ ಮೊದಲ ಸಿಟ್ಟು ಬಂದಿದ್ದು ಹೆಸರು ನೋಡಿ. ಅದೇ ಫೈಲ್ ಹೆಸರು, ಅದೇ ಸ್ಟೇಟ್‌ಮೆಂಟ್ ಸಂಖ್ಯೆ, ಅದೇ ದಿನಾಂಕ. ‘ಪರಿಷ್ಕೃತ’ ಅಂತ ಎಲ್ಲೂ ಇಲ್ಲ. ಅವರ ಪೋರ್ಟಲ್‌ನಲ್ಲಿ ಹಳೆಯವು ಮಾಯ. ನಮ್ಮ ಹತ್ತಿರ ಆಗ ಬಂದ ಪ್ರತಿಗಳು ಇದ್ದವು, ಇಲ್ಲದಿದ್ದರೆ ಹೋಲಿಸಲು ಏನೂ ಸಿಗುತ್ತಿರಲಿಲ್ಲ.

ಮೇಲುನೋಟಕ್ಕೆ ಎಲ್ಲ ಚೆನ್ನಾಗಿತ್ತು. ಏಪ್ರಿಲ್‌ನಲ್ಲಿ 18,400 ಬಂದಿತ್ತು. ಏಪ್ರಿಲ್ ಕ್ಲೋಸಿಂಗ್ ಬ್ಯಾಲೆನ್ಸ್‌ಗೂ ಮೇ ಓಪನಿಂಗ್‌ಗೂ ತಾಳೆ ಆಗುತ್ತಿತ್ತು. ಮೇ, ಜೂನ್ ನಡುವೆಯೂ ಹಾಗೇ. ನಾವು ಲೆಕ್ಕದವರು ಸಾಮಾನ್ಯವಾಗಿ ಇಷ್ಟು ನೋಡಿ ಸಮಾಧಾನ ಪಡುತ್ತೇವೆ, ಅಲ್ವಾ? ಆದರೆ ಅದು ಪ್ರತಿ ತಿಂಗಳ ಮೊತ್ತ ಮುಂದಿನದಕ್ಕೆ ಸಾಗಿದೆ ಅಂತ ಮಾತ್ರ ಹೇಳುತ್ತದೆ. ತಪ್ಪು ಸಾಲು ಸಾಗಿದರೂ ತಾಳೆ ಆಗಿಯೇ ಆಗುತ್ತದೆ.

ಇಲ್ಲೂ ಅದೇ ಆಗಿತ್ತು. ಪಾವತಿ ಬಂದಿಲ್ಲ ಅಂದುಕೊಂಡ ಅವರ ವ್ಯವಸ್ಥೆ ಮೇ ತಿಂಗಳಲ್ಲಿ ಶೇ. 1.5ರಂತೆ 276 ಲೇಟ್ ಫೀ ಹಾಕಿತ್ತು. ಜೂನ್‌ನಲ್ಲಿ ಮತ್ತೆ 276. ಸ್ಟೇಟ್‌ಮೆಂಟ್ ಮತ್ತೆ ತಯಾರಿಸಿದಾಗ ಪಾವತಿ ತನ್ನ ಜಾಗಕ್ಕೆ ಬಂತು, ಆದರೆ ಎರಡೂ ಲೇಟ್ ಫೀ ಹಾಗೇ ಉಳಿದವು. ಮತ್ತೆ ತಯಾರಿಸುವುದು ಅಂದರೆ ಲೆಡ್ಜರ್‌ನಲ್ಲಿರುವ ನಮೂದುಗಳನ್ನು ದಿನಾಂಕದ ಪ್ರಕಾರ ಮತ್ತೆ ಹೆಕ್ಕುವುದು ಅಷ್ಟೇ. ಲೇಟ್ ಫೀ ಅಷ್ಟರಲ್ಲಿ ಲೆಡ್ಜರ್‌ನಲ್ಲಿ ಕೂತಿದ್ದ ನಿಜವಾದ ನಮೂದು. ದೋಷದಿಂದ ಹುಟ್ಟಿದ್ದು, ದೋಷ ತೆಗೆದರೂ ಹೋಗಲಿಲ್ಲ.

ಗೊತ್ತಾಗಿದ್ದು ಒಂದು ಸರಳ ಕಳೆಯುವ ಲೆಕ್ಕದಿಂದ. ಹಳೇ ಜೂನ್ ಕ್ಲೋಸಿಂಗ್‌ಗೂ ಹೊಸ ಜೂನ್ ಕ್ಲೋಸಿಂಗ್‌ಗೂ ಇದ್ದ ವ್ಯತ್ಯಾಸ ಸರಿಯಾಗಿ 18,400. ನಿಜಕ್ಕೂ ಸರಿಯಾಗಿದ್ದರೆ 18,952 ಇರಬೇಕಿತ್ತು.

ನಿಮಗೂ ಇಂಥ ಇಮೇಲ್ ಬಂದರೆ ‘ಸರಿ’ ಅಂತ ಉತ್ತರಿಸುವ ಮೊದಲು ತಿಂಗಳಿಗೊಂದರಂತೆ ಹಳೇ ಮೊತ್ತ, ಹೊಸ ಮೊತ್ತ, ಬದಲಾದ ಸಾಲು, ಇಷ್ಟನ್ನು ಬರಹದಲ್ಲಿ ಕೇಳಿ. ತಪ್ಪು ಸ್ಟೇಟ್‌ಮೆಂಟ್‌ನಲ್ಲಿ ಮಾತ್ರ ಇತ್ತೋ, ಅದನ್ನು ನಂಬಿ ಶುಲ್ಕ, ಬಡ್ಡಿ ಏನಾದರೂ ಹಾಕಿದ್ದರೋ ಅಂತಲೂ ಕೇಳಿ. ಎರಡನೇ ಪ್ರಶ್ನೆಗೆ ಅವರ ಬಿಲ್ಲಿಂಗ್‌ನವರೇ ಉತ್ತರ ಕೊಡಬೇಕು, ಗ್ರಾಹಕ ಸೇವೆಯವರಿಗೆ ಗೊತ್ತಿರುವುದು ಕಡಿಮೆ. ತಿಂಗಳ ಗಡಿಯ ದೋಷವಾದರೆ ಇನ್ನೊಂದು ಕಡೆ ಕಣ್ಣಿಡಿ. ದೋಷ ಶುರುವಾದ ತಿಂಗಳಲ್ಲಿ ಒಂದು ನಮೂದು ಬಿಟ್ಟುಹೋಗುತ್ತದೆ. ಸರಿಪಡಿಸಿದ ತಿಂಗಳಲ್ಲಿ, ಹಿಂದಿನದನ್ನು ಬದಲಿಸದಿದ್ದರೆ, 1ನೇ ತಾರೀಕು ಬೆಳಗಿನ ಜಾವದ ನಮೂದು ಎರಡೂ ಸ್ಟೇಟ್‌ಮೆಂಟ್‌ಗಳಲ್ಲಿ ಬರಬಹುದು.

ಕೊನೆಗೆ ಅವರು 552 ವಾಪಸ್ ಮಾಡಲು ಒಪ್ಪಿದರು. ಆದರೆ ಅದಕ್ಕೂ ಮೇ, ಜೂನ್ ಸ್ಟೇಟ್‌ಮೆಂಟ್‌ಗಳನ್ನೇ ಸದ್ದಿಲ್ಲದೆ ಇನ್ನೊಮ್ಮೆ ತಿದ್ದುತ್ತೇವೆ ಅಂದರು! ನಾವು ಬೇಡ ಅಂದೆವು. ಆ ತಿಂಗಳುಗಳ ಪುಸ್ತಕ ನಮ್ಮಲ್ಲಿ ಮುಚ್ಚಿಯಾಗಿತ್ತು. ಜುಲೈ ದಿನಾಂಕದ ಕ್ರೆಡಿಟ್ ನೋಟ್ ಕೊಡಿ, ಕಾರಣವನ್ನು ಅದರ ಮೇಲೇ ಬರೆಯಿರಿ ಅಂತ ಪಟ್ಟು ಹಿಡಿದೆವು. ಹಾಗೇ ಕೊಟ್ಟರು.